ಮಳೆಗಾಲದ ಹಸಿ ಮಣ್ಣು ಪ್ರಯೋಗಾಲಯ ತಲುಪುವ ಮುನ್ನ: ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು, ಕಾಪಿಡುವುದು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಿಂದ, ಒಂದೇ ದಿನ ಒಂದೇ ಬಕೆಟ್ಟಿನಲ್ಲಿ ಕಲಸಿ ಎರಡು ಪಾಲು ಮಾಡಿದ ಮಣ್ಣು ನನ್ನ ಮೇಜಿಗೆ ಬಂದಿತ್ತು. ಒಂದು ಪಾಲಿನ ರಸಸಾರ, ಅಂದರೆ ಪಿಎಚ್, 5.2 ಇತ್ತು. ಇನ್ನೊಂದರದು 5.9. ಪೊಟ್ಯಾಷ್ ಕೂಡ ಎರಡನೆಯದರಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಮೊದಲ ಪಾಲನ್ನು ಜಗಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಒಣಗಿಸಿದ್ದರು. ಎರಡನೆಯದನ್ನು, ಮಳೆ ಬಿಡುವು ಕೊಡದ ಕಾರಣ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹರಡಿದ್ದರು. ಒಣಗಿದ ಮೇಲೆ ಬಾಚಿಕೊಳ್ಳುವಾಗ, ಅಟ್ಟದ ಹಲಗೆಯ ಮೇಲೆ ವರ್ಷಗಳಿಂದ ಕೂತಿದ್ದ ಬೂದಿಯೂ ಮಣ್ಣಿನ ಜತೆ ಬಂದಿತ್ತು. ಸೌದೆಯ ಬೂದಿ ಕ್ಷಾರ, ಅದರಲ್ಲಿ ಪೊಟ್ಯಾಷ್ ತುಂಬಿರುತ್ತದೆ. ಎರಡನೆಯ ವರದಿಯನ್ನಷ್ಟೇ ನೋಡಿದ್ದರೆ ಆ ತೋಟಕ್ಕೆ ಸುಣ್ಣ ಬೇಡ ಎಂಬ ತೀರ್ಮಾನವಾಗುತ್ತಿತ್ತು. ಮಣ್ಣಿಗೆ ನಿಜವಾಗಿ ಬೇಕಾಗಿದ್ದುದೇ ಸುಣ್ಣ.

ಮಾದರಿ ತೆಗೆಯುವ ಬಗೆಯನ್ನು ಎಲ್ಲರೂ ಹೇಳಿಕೊಡುತ್ತಾರೆ: ಅಂಕುಡೊಂಕಾಗಿ ನಡೆದು ಹತ್ತಾರು ಕಡೆ ಅಗೆಯಬೇಕು, ಗೊಬ್ಬರ ಹಾಕಿದ ಜಾಗ ಬಿಡಬೇಕು, ಎಲ್ಲವನ್ನೂ ಕಲಸಬೇಕು. ಅಗೆದ ಮಣ್ಣು ಪ್ರಯೋಗಾಲಯದ ತಕ್ಕಡಿ ಏರುವವರೆಗಿನ ವಾರ, ಎರಡು ವಾರ ಅದಕ್ಕೇನಾಗುತ್ತದೆ ಎಂದು ಹೇಳುವವರು ಕಡಿಮೆ. ಚಿಕ್ಕಮಗಳೂರಿನ ಮಲೆನಾಡು ಭಾಗದಲ್ಲೂ ಸಕಲೇಶಪುರದ ಕಡೆಯೂ, ಗೊಬ್ಬರದ ಲೆಕ್ಕಕ್ಕಾಗಿ ಮಳೆಗಾಲದ ಕೊನೆಯಲ್ಲಿ ಮಣ್ಣು ತೆಗೆಯುವವರು ಅನೇಕರು. ಗಾಳಿಯೇ ಒದ್ದೆಯಾಗಿರುವ ಆ ದಿನಗಳಲ್ಲಿ ಮಾದರಿ ಕೆಡುವುದು ಬಹಳ ಸುಲಭ. ಆದ್ದರಿಂದ ಇಲ್ಲಿ ಆ ಹಸಿ ಮಣ್ಣನ್ನೇ ಉದಾಹರಣೆಯಾಗಿ ಹಿಡಿದುಕೊಳ್ಳುತ್ತೇನೆ.

ತಂದ ದಿನವೇ ಬಿಚ್ಚಿ ಹರಡಿ

ಹಸಿ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಟ್ಟರೆ ಅದರೊಳಗಿನ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುವುದಿಲ್ಲ. ತೇವವಿದೆ, ಬೆಚ್ಚಗಿದೆ, ತಿನ್ನಲು ಸಾವಯವ ವಸ್ತುವಿದೆ. ಅವು ಸಾವಯವ ರೂಪದ ಸಾರಜನಕವನ್ನು ಒಡೆದು ಅಮೋನಿಯಂ ಮಾಡುತ್ತವೆ, ಗಾಳಿ ಸಿಕ್ಕರೆ ಅದನ್ನು ನೈಟ್ರೇಟ್ ಮಾಡುತ್ತವೆ. ಈ ಎರಡನೆಯ ಹೆಜ್ಜೆಯಲ್ಲಿ ಆಮ್ಲ ಹುಟ್ಟುವುದರಿಂದ ಪಿಎಚ್ ಕೂಡ ಸ್ವಲ್ಪ ಇಳಿಯುತ್ತದೆ. ಗಾಳಿ ಸಿಗದೆ ಮಣ್ಣು ಉಸಿರುಕಟ್ಟಿದರೆ ಇದ್ದ ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ. ಚೀಲ ಬಿಚ್ಚಿದಾಗ ಹಳಸಲು ವಾಸನೆ ಬಂದರೆ, ಮಣ್ಣಿನ ಮೇಲೆ ಬಿಳಿ ಬೂಷ್ಟು ಕಂಡರೆ, ಆ ಮಾದರಿಯನ್ನು ಬಿಟ್ಟು ಹೊಸದನ್ನು ತೆಗೆಯುವುದೇ ಸರಿ.

ನೈಟ್ರೇಟ್ ಮತ್ತು ಅಮೋನಿಯಂ ಎಷ್ಟಿದೆ ಎಂದೇ ತಿಳಿಯಬೇಕಿದ್ದರೆ ಒಣಗಿಸುವ ಮಾತೇ ಇಲ್ಲ. ಹಸಿ ಮಣ್ಣನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಟ್ಟು ಬೇಗನೆ ತಲುಪಿಸಬೇಕು, ಪ್ರಯೋಗಾಲಯದವರಿಗೆ ಮೊದಲೇ ತಿಳಿಸಿರಬೇಕು. ಸಾಮಾನ್ಯ ಪರೀಕ್ಷೆಗಳಿಗೆ, ಅಂದರೆ ಪಿಎಚ್, ಲವಣಾಂಶ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಮತ್ತು ಲಘು ಪೋಷಕಾಂಶಗಳಿಗೆ, ಗಾಳಿಯಲ್ಲಿ ಒಣಗಿದ ಮಣ್ಣು ಬೇಕು. ಶಿಫಾರಸಿನ ಕೋಷ್ಟಕಗಳು ಅಂತಹ ಮಣ್ಣಿನ ಮೇಲೆಯೇ ನಿಂತಿವೆ.

ಹರಡುವ ಮೊದಲು ಗುರುತಿನ ಚೀಟಿ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹಬ್ಬಿಹೋಗುತ್ತದೆ. ಪಟ್ಟೆಯ ಹೆಸರು, ಆಳ, ತಾರೀಖು ಸಾಕು. ಒಂದು ಚೀಟಿಯನ್ನು ಪುಟ್ಟ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಮಣ್ಣಿನ ಜತೆಯೇ ಇಡಿ, ಇನ್ನೊಂದನ್ನು ತಟ್ಟೆಗೆ ಅಂಟಿಸಿ. ಮಣ್ಣು ತಟ್ಟೆಯಿಂದ ಒರಳಿಗೆ, ಒರಳಿನಿಂದ ಜರಡಿಗೆ ಹೋಗುವಾಗಲೆಲ್ಲ ಒಳಗಿನ ಚೀಟಿ ಅದರೊಡನೆ ಸಾಗಬೇಕು. ಒಂದೇ ಬಣ್ಣದ ಎಂಟು ತಟ್ಟೆ ಸಾಲಾಗಿದ್ದಾಗ ನೆನಪನ್ನು ನಂಬಲಾಗದು.

ಒಣಗಿಸುವುದು: ಎಲ್ಲಿ, ಯಾವುದರ ಮೇಲೆ, ಎಷ್ಟು ಬಿಸಿಯಲ್ಲಿ

ಜಾಗ ಹುಡುಕುವುದೇ ಮಲೆನಾಡಿನಲ್ಲಿ ಮುಖ್ಯ ಕಷ್ಟ. ಅಟ್ಟ ಏಕೆ ಬೇಡ ಎಂದು ಮೇಲೆಯೇ ಕಂಡೆವು. ಕಾಫಿ ಒಣಗಿಸುವ ಕಣವೂ ಬೇಡ. ಸಿಮೆಂಟಿನಲ್ಲಿ ಸುಣ್ಣದಂಶವಿರುತ್ತದೆ. ಹಸಿ ಹುಳಿ ಮಣ್ಣನ್ನು ಅದರ ಮೇಲೆ ಹರಡಿ ಪೊರಕೆಯಿಂದ ಗುಡಿಸಿದರೆ ಸವೆದ ಸಿಮೆಂಟಿನ ಪುಡಿ ಸೇರಿ ಪಿಎಚ್ ಮತ್ತು ಕ್ಯಾಲ್ಸಿಯಂ ಏರುತ್ತವೆ. ಸಗಣಿ ಸಾರಿಸಿದ ಮೊರವನ್ನೂ ನೆಲವನ್ನೂ ಬಳಸಬಾರದು, ಅವು ಸಾವಯವ ಇಂಗಾಲವನ್ನೂ ರಂಜಕವನ್ನೂ ಕೊಡುತ್ತವೆ. ತಗಡಿನ ತಟ್ಟೆಗೆ ಸತುವಿನ ಲೇಪವಿರುತ್ತದೆ. ಸತು ಕೊರತೆ ಹುಡುಕಲು ಹೊರಟವರು ಅದರ ಮೇಲೆ ಮಣ್ಣು ಒಣಗಿಸಿದರೆ ಕೊರತೆ ಕಾಣಿಸುವುದೇ ಇಲ್ಲ. ರಬ್ಬರ್ ಹಾಳೆಯಲ್ಲೂ ಸತುವಿನ ಆಕ್ಸೈಡ್ ಇರುತ್ತದೆ. ಬೋರ್ಡೋ ದ್ರಾವಣ ಕದಡಿದ ಬಕೆಟ್ಟನ್ನಂತೂ ಮಾದರಿಯ ಹತ್ತಿರ ತರಲೇಬಾರದು. ಕಾಫಿ ತೋಟದಲ್ಲಿ ಅಂತಹ ಬಕೆಟ್ಟು ಎಲ್ಲ ಮೂಲೆಯಲ್ಲೂ ಸಿಗುತ್ತದೆ, ತೊಳೆದಿದೆ ಎಂದೂ ಹೇಳುತ್ತಾರೆ. ಆದರೆ ಅದರ ಗೋಡೆಗೆ ನೀಲಿ ಪೊರೆಯಾಗಿ ಹಿಡಿದಿರುವ ಮೈಲುತುತ್ತ ಮತ್ತು ಸುಣ್ಣ ತಾಮ್ರದ ಅಂಕಿಯನ್ನೂ ಪಿಎಚ್ ಅನ್ನೂ ಒಟ್ಟಿಗೆ ಕೆಡಿಸುತ್ತವೆ.

ಬೇಕಾಗಿರುವುದು ಸರಳ: ಶುಭ್ರವಾದ ಪ್ಲಾಸ್ಟಿಕ್ ತಟ್ಟೆ ಅಥವಾ ದಪ್ಪ ಪಾಲಿಥೀನ್ ಹಾಳೆ, ಗಾಳಿಯಾಡುವ ಕೋಣೆ, ಗೊಬ್ಬರದ ಚೀಲ ಇಲ್ಲದ ನೆರಳು. ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಒಣ ಮಣ್ಣು ಸಿಗುವಷ್ಟು ಹಸಿ ಮಣ್ಣನ್ನು ಒಂದು, ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಹರಡಿ. ದಪ್ಪ ಹೆಚ್ಚಾದರೆ ಮೇಲ್ಪದರ ಒಣಗಿದಂತೆ ಕಂಡು ಅಡಿಯಲ್ಲಿ ತೇವ ಉಳಿದಿರುತ್ತದೆ. ಎಲೆ, ಕಡ್ಡಿ, ಕೈಗೆ ಸಿಗುವ ಬೇರು, ಎರೆಹುಳು ಇವನ್ನು ಈಗಲೇ ಆರಿಸಿ ತೆಗೆಯಿರಿ. ಸೀಲಿಂಗ್ ಫ್ಯಾನು ನಿಧಾನವಾಗಿ ತಿರುಗುತ್ತಿರಲಿ. ಮೇಜಿನ ಫ್ಯಾನನ್ನು ನೇರವಾಗಿ ತಿರುಗಿಸಿದರೆ ಒಣಗಿದ ನಯ ಪುಡಿ ಪಕ್ಕದ ತಟ್ಟೆಗೆ ಹಾರುತ್ತದೆ.

ಇಲ್ಲಿ ಕೈ ಕಲಿಯಬೇಕಾದ ಒಂದು ಹದವಿದೆ. ಕೆಂಪು ಜೇಡಿ ಮಣ್ಣಿನ ಹೆಂಟೆಯನ್ನು ಪೂರ್ತಿ ಒಣಗಲು ಬಿಟ್ಟರೆ ಅದು ಇಟ್ಟಿಗೆಯಾಗುತ್ತದೆ, ಆಮೇಲೆ ಸುತ್ತಿಗೆಯೇ ಬೇಕು. ತೀರಾ ಹಸಿಯಿದ್ದಾಗ ಹಿಸುಕಿದರೆ ರಾಗಿ ಮುದ್ದೆಯಂತೆ ಮೆತ್ತಿಕೊಂಡು, ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ನಡುವಿನ ಹದ ಒಂದು ದಿನ ಮಾತ್ರ ಇರುತ್ತದೆ. ಹೆಂಟೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದಾಗ ಬೆರಳಿಗೆ ಅಂಟದೆ ಉದುರಾಗಿ ಒಡೆದರೆ ಅದೇ ಆ ದಿನ. ಆಗ ಕೂತು ಎಲ್ಲ ಹೆಂಟೆಗಳನ್ನೂ ಕಡಲೆಬೀಜದ ಗಾತ್ರಕ್ಕೆ ಬೆರಳಲ್ಲೇ ಒಡೆದು ಮತ್ತೆ ಹರಡಿ. ಒಳಗಿನ ಬೇರುಗಳೂ ಆಗ ಹೊರಗೆ ಬರುತ್ತವೆ. ಈ ಅರ್ಧ ಗಂಟೆಯ ಕೆಲಸ ಒಣಗುವ ಕಾಲವನ್ನೂ ಕುಟ್ಟುವ ಶ್ರಮವನ್ನೂ ಬಹಳ ಇಳಿಸುತ್ತದೆ.

ಮಳೆ ನಿಲ್ಲದ ವಾರದಲ್ಲಿ ಫ್ಯಾನು ಸಾಲದು. ಆಗ ಕೆಲವರು ಮಣ್ಣನ್ನು 105 ಡಿಗ್ರಿಯ ಒಲೆಪೆಟ್ಟಿಗೆಗೆ ಹಾಕುತ್ತಾರೆ, ಕೆಲವರು ಕಾವಲಿಯ ಮೇಲೆ ಹುರಿಯುವುದನ್ನೂ ಕಂಡಿದ್ದೇನೆ. ಎರಡೂ ತಪ್ಪು. ಬಿಸಿಗೆ ಮಣ್ಣಿನಲ್ಲಿ ಪೋಷಕಾಂಶಗಳನ್ನು ಹಿಡಿದಿಟ್ಟುಕೊಂಡ ರಚನೆಯೇ ಬದಲಾಗುತ್ತದೆ. ಮ್ಯಾಂಗನೀಸ್ ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಪೊಟ್ಯಾಷ್ ಜೇಡಿ ಪದರಗಳ ನಡುವಿನಿಂದ ಹೊರಬರುತ್ತದೆ, ಇಲ್ಲವೇ ಒಳಗೆ ಸಿಕ್ಕಿಬೀಳುತ್ತದೆ. ಯಾವುದಾಗುತ್ತದೆ ಎಂಬುದು ಮಣ್ಣಿನ ಜೇಡಿಯ ಬಗೆಯನ್ನು ಅವಲಂಬಿಸಿದೆ. ಲೆಕ್ಕ ಹಾಕಿ ಇದನ್ನು ಸರಿಪಡಿಸಲಾಗದು. ಹಾಗಾಗಿ 40 ಡಿಗ್ರಿ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಪದ್ಧತಿಯಲ್ಲೂ ಒಪ್ಪಿಕೊಂಡ ಮಿತಿ. 105 ಡಿಗ್ರಿಯ ಉಪಯೋಗ ಒಂದೇ: ಬೇರೆ ತೆಗೆದಿಟ್ಟ ಒಂದು ಚಿಟಿಕೆ ಮಣ್ಣಿನ ತೇವಾಂಶ ಅಳೆಯುವುದಕ್ಕೆ. ಆ ಚಿಟಿಕೆಯನ್ನು ಮತ್ತೆ ಮಾದರಿಗೆ ಸೇರಿಸಬಾರದು.

ಮಳೆಗಾಲಕ್ಕೆ ನಾನು ಮೆಚ್ಚುವ ಉಪಾಯ ಒಂದು ಮರದ ಪೆಟ್ಟಿಗೆ. ಕೆಳಗೆ ಬಿಸಿಯಾಗುವ ಹಳೆಯ ಬಗೆಯ ಬಲ್ಬು, ಅದರಿಂದ ಒಂದೂವರೆ, ಎರಡು ಅಡಿ ಮೇಲೆ ಪ್ಲಾಸ್ಟಿಕ್ ತಟ್ಟೆಗಳು, ಕೆಳಗೂ ಮೇಲೂ ತೂತು. ತಟ್ಟೆಯ ಮಟ್ಟದಲ್ಲಿ ಒಂದು ಉಷ್ಣಮಾಪಕ ನೇತುಹಾಕಿ. 35ರ ಸುತ್ತ ಇರಲಿ, 40 ತಲುಪಿದರೆ ಬಲ್ಬು ಬದಲಿಸಿ ಅಥವಾ ತೂತು ಹೆಚ್ಚಿಸಿ. ಮೇಲಿನ ತೂತು ಮರೆಯಬೇಡಿ. ತೇವ ಹೊರಹೋಗಲು ದಾರಿಯಿಲ್ಲದ ಪೆಟ್ಟಿಗೆಯೊಳಗೆ ಮಣ್ಣು ಒಣಗುವುದಿಲ್ಲ, ಬೇಯುತ್ತದೆ.

ಒಣಗಿತು ಎಂದು ಹೇಗೆ ತಿಳಿಯಬೇಕು? ಬಣ್ಣ ನಂಬಬೇಡಿ, ತೂಕ ನಂಬಿ. ತಟ್ಟೆಯ ಸಮೇತ ಬೆಳಗ್ಗೆ ತೂಗಿ ಬರೆದಿಡಿ, ಮರುದಿನ ಅದೇ ಹೊತ್ತಿಗೆ ತೂಗಿ. ಮೂಡಿಗೆರೆಯ ಆ ತೋಟದಿಂದ ಮರುವರ್ಷ ಬಂದ ಮಾದರಿಯ ಪುಟ ನನ್ನ ಬಳಿ ಇದೆ: ತಟ್ಟೆಯ ತೂಕ ಕಳೆದು ಮೊದಲ ದಿನ 830 ಗ್ರಾಂ, ಎರಡನೆಯ ದಿನ 731, ಮೂರಕ್ಕೆ 662, ನಾಲ್ಕಕ್ಕೆ 627, ಐದಕ್ಕೆ 621, ಆರನೆಯ ದಿನ 620. ಒಂದು ಗ್ರಾಂ ಮಾತ್ರ ಇಳಿದ ದಿನ ಮಣ್ಣು ಕೋಣೆಯ ಗಾಳಿಯೊಡನೆ ಸಮಕ್ಕೆ ಬಂದಿದೆ ಎಂದರ್ಥ. ಇನ್ನು ಕಾಯುವುದರಿಂದ ಲಾಭವಿಲ್ಲ, ಧೂಳು ಕೂರುತ್ತದೆ ಅಷ್ಟೇ.

ಗದ್ದೆ ಮಣ್ಣಿನ ಬಗ್ಗೆ ಒಂದು ಮಾತು. ನೀರು ನಿಂತ ಗದ್ದೆಯಿಂದ ತೆಗೆದ ಮಣ್ಣು ಒಣಗುವಾಗ ಅದರಲ್ಲಿ ಕರಗಿದ್ದ ಕಬ್ಬಿಣ ಗಾಳಿಗೆ ತುಕ್ಕಾಗಿ ಕೂರುತ್ತದೆ, ಪಿಎಚ್ ಕೂಡ ಬದಲಾಗುತ್ತದೆ. ಪೈರಿಗೆ ಕಬ್ಬಿಣ ವಿಷವಾಗಿದೆಯೇ ಎಂಬ ಪ್ರಶ್ನೆಗೆ ಒಣ ಮಾದರಿ ಉತ್ತರ ಕೊಡಲಾರದು.

ಕುಟ್ಟುವುದು: ಹೆಂಟೆ ಒಡೆಯಬೇಕು, ಕಲ್ಲು ಒಡೆಯಬಾರದು

ಮರದ ಒರಳು, ಮರದ ಒನಕೆ, ಅಥವಾ ಗಟ್ಟಿ ಹಲಗೆಯ ಮೇಲೆ ಉರುಳಿಸುವ ಮರದ ಲಟ್ಟಣಿಗೆ ಬೇಕು. ಕಬ್ಬಿಣದ ಕುಟ್ಟಾಣಿ, ಅಡುಗೆಮನೆಯ ಮಿಕ್ಸಿ, ಕಾಫಿಪುಡಿ ಬೀಸುವ ಯಂತ್ರ ಯಾವುದೂ ಬೇಡ. ನಮ್ಮ ಮಲೆನಾಡಿನ ಮಣ್ಣಿನಲ್ಲಿ ಜಂಬಿಟ್ಟಿಗೆಯ ಹರಳು ಬಹಳ. ಯಂತ್ರಕ್ಕೆ ಹೆಂಟೆ ಯಾವುದು, ಹರಳು ಯಾವುದು ಎಂಬ ಭೇದವಿಲ್ಲ, ಎರಡನ್ನೂ ಪುಡಿ ಮಾಡುತ್ತದೆ. ಹರಳು ಪುಡಿಯಾದರೆ ಬೇರು ಎಂದೂ ಮುಟ್ಟದ ಕಲ್ಲಿನ ಒಳಭಾಗ ಮಾದರಿಗೆ ಸೇರಿ, ಮಣ್ಣಿನ ನಿಜವಾದ ಗುಣ ತೆಳುವಾಗುತ್ತದೆ. ಜತೆಗೆ ಉಕ್ಕಿನ ಅಲಗು ಸವೆದು ಕಬ್ಬಿಣವೂ ಬೀಳುತ್ತದೆ.

ಸುಣ್ಣ ಹಾಕಿದ ತೋಟದಲ್ಲಿ ಇನ್ನೊಂದು ಎಚ್ಚರ ಬೇಕು. ಡಾಲೊಮೈಟ್ ಅಥವಾ ಸುಣ್ಣದ ಕಲ್ಲಿನ ಕರಗದ ಚೂರುಗಳು ಬೂದುಬಿಳಿ ಹರಳಾಗಿ ಕಾಣುತ್ತವೆ. ಅವನ್ನು ಕುಟ್ಟಿ ನಯ ಮಾಡಿದರೆ, ತೋಟದಲ್ಲಿ ಇನ್ನೂ ಕೆಲಸವೇ ಮಾಡದ ಸುಣ್ಣ ಪ್ರಯೋಗಾಲಯದ ಬಟ್ಟಲಿನಲ್ಲಿ ಕೆಲಸ ಮಾಡಿ ಪಿಎಚ್ ಅನ್ನು ಸುಳ್ಳಾಗಿ ಮೇಲೆತ್ತುತ್ತದೆ. ಕಂಡ ಚೂರನ್ನು ಇಕ್ಕಳದಿಂದ ತೆಗೆದು, ತೆಗೆದದ್ದನ್ನು ಬರೆದಿಡಿ.

ಕ್ರಮ ಹೀಗಿರಲಿ. ಒಂದು ಹಿಡಿ ಮಣ್ಣನ್ನು ಒರಳಿಗೆ ಹಾಕಿ, ಬಡಿಯದೆ ಒತ್ತಿ ಉಜ್ಜಿ. ಹೆಂಟೆ ಮೆತ್ತಗೆ ಕುಸಿಯುತ್ತದೆ, ಹರಳು ಒನಕೆಗೆ ಎದುರು ನಿಲ್ಲುತ್ತದೆ. ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಆಮೇಲೆ 2 ಮಿಲಿಮೀಟರ್ ಜರಡಿಗೆ ಸುರಿಯಿರಿ. ಲಘು ಪೋಷಕಾಂಶ ಪರೀಕ್ಷೆಯಿದ್ದರೆ ಜರಡಿ ಸ್ಟೇನ್‌ಲೆಸ್ ಸ್ಟೀಲಿನದೋ ನೈಲಾನಿನದೋ ಆಗಿರಲಿ. ಹಿತ್ತಾಳೆಯ ಜರಡಿ ತಾಮ್ರವನ್ನೂ ಸತುವನ್ನೂ ಬಿಡುತ್ತದೆ. ಮೇಲುಳಿದದ್ದನ್ನು ಮತ್ತೆ ಒರಳಿಗೆ, ಮತ್ತೆ ಜರಡಿಗೆ. ಕೊನೆಗೆ ಜರಡಿಯ ಮೇಲೆ ಹರಳು ಮತ್ತು ಬೇರು ಮಾತ್ರ ಉಳಿಯುವವರೆಗೆ ಇದು ನಡೆಯಬೇಕು.

ನಡುವೆ ಬೇಸರವಾಗಿ "ಸಾಕಷ್ಟು ಪುಡಿ ಬಂತು" ಎಂದು ಉಳಿದ ಹೆಂಟೆಗಳನ್ನು ಎಸೆಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಇದು ದೊಡ್ಡ ತಪ್ಪು. ಒಡೆಯಲು ಕಷ್ಟವಾದ ಹೆಂಟೆಯಲ್ಲಿ ಜೇಡಿ ಹೆಚ್ಚಿರುತ್ತದೆ, ಪೋಷಕಾಂಶವನ್ನು ಹಿಡಿದಿಡುವ ಭಾಗವೇ ಅದು. ಅದನ್ನು ಎಸೆದರೆ ವರದಿ ಬರುವುದು ತೋಟದ ಮರಳಿನಂಶಕ್ಕೆ. ಹರಳೋ ಹೆಂಟೆಯೋ ಎಂಬ ಅನುಮಾನವಿದ್ದರೆ ಒಂದೆರಡು ತುಂಡನ್ನು ನೀರಿನಲ್ಲಿ ಹಾಕಿ ನೋಡಿ: ಹೆಂಟೆ ಸ್ವಲ್ಪ ಹೊತ್ತಿಗೆ ಕದಡುತ್ತದೆ, ಹರಳು ಹಾಗೇ ಉಳಿಯುತ್ತದೆ.

ಹರಳನ್ನು ಎಸೆಯುವ ಮೊದಲು ತೂಗಿ. ಆ 620 ಗ್ರಾಂ ಮಾದರಿಯಲ್ಲಿ ಜರಡಿಯ ಮೇಲೆ 155 ಗ್ರಾಂ ಹರಳು ಉಳಿಯಿತು, ಅಂದರೆ ನಾಲ್ಕರಲ್ಲಿ ಒಂದು ಪಾಲು. ಪ್ರಯೋಗಾಲಯ ಪರೀಕ್ಷಿಸುವುದು ಜರಡಿಯಿಂದ ಇಳಿದ ಮಣ್ಣನ್ನು ಮಾತ್ರ. ಹೆಕ್ಟೇರಿಗೆ ಇಷ್ಟು ಎಂದು ಗುಣಿಸುವಾಗ ಇಡೀ ನೆಲ ಅಂತಹ ಮಣ್ಣೇ ಎಂದು ಎಣಿಸಲಾಗಿರುತ್ತದೆ. ವರದಿ ಹೆಕ್ಟೇರಿಗೆ 240 ಕಿಲೋ ಪೊಟ್ಯಾಷ್ ಎಂದರೆ, ಕಾಲು ಭಾಗ ಹರಳೇ ಇರುವ ಆ ಪಟ್ಟೆಯಲ್ಲಿ ಬೇರಿಗೆ ಸಿಗುವುದು ಸರಿಸುಮಾರು 180 ಕಿಲೋ. ಹರಳಿನ ಪಾಲನ್ನು ಚೀಟಿಯಲ್ಲಿ ಬರೆದು ಕಳುಹಿಸಿದರೆ ಸಲಹೆ ಕೊಡುವವರಿಗೆ ಇದು ತಿಳಿಯುತ್ತದೆ. ಬರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಸಾವಯವ ಇಂಗಾಲಕ್ಕೆ ಇನ್ನೂ ನಯವಾದ ಪಾಲು

ಸಾವಯವ ಇಂಗಾಲದ ಪರೀಕ್ಷೆಗೆ ಒಂದು ಗ್ರಾಂ ಮಣ್ಣು, ಕೆಲವೊಮ್ಮೆ ಅರ್ಧ ಗ್ರಾಂ ಮಾತ್ರ ತೂಗುತ್ತಾರೆ. 2 ಮಿಲಿಮೀಟರ್ ಕಣಗಳಿರುವ ಮಣ್ಣಿನಿಂದ ಒಂದು ಗ್ರಾಂ ತೆಗೆದರೆ ಅದರಲ್ಲಿ ಒಂದು ಬೇರಿನ ಚೂರು ಬಿದ್ದಿದೆಯೇ ಇಲ್ಲವೇ ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಲೆಕ್ಕ ನೋಡಿ: 10 ಮಿಲಿಗ್ರಾಂ ತೂಗುವ ಒಂದು ಒಣ ಬೇರಿನ ಚೂರು ಬಿತ್ತು ಎನ್ನಿ. ಅದರಲ್ಲಿ ಸುಮಾರು ನಾಲ್ಕು ಮಿಲಿಗ್ರಾಂ ಇಂಗಾಲ. ಒಂದು ಗ್ರಾಂ ಮಣ್ಣಿಗೆ ಅದು ಶೇ 0.4. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಎಂದು ವಿಂಗಡಿಸುವ ಕೋಷ್ಟಕದಲ್ಲಿ ಆ ಒಂದು ಚೂರು ಮಣ್ಣನ್ನು ಕೆಳಗಿನ ಸಾಲಿನಿಂದ ಮೇಲಿನ ಸಾಲಿಗೆ ಎತ್ತಿಬಿಡುತ್ತದೆ.

ಆದ್ದರಿಂದ 2 ಮಿಲಿಮೀಟರ್ ಮಣ್ಣನ್ನು ಚೆನ್ನಾಗಿ ಕಲಸಿ, ದುಂಡಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದ ಎರಡನ್ನು ಸೇರಿಸಿ. ಇದನ್ನೇ ಮತ್ತೆ ಮತ್ತೆ ಮಾಡಿ 20 ಗ್ರಾಂಗೆ ಇಳಿಸಿ. ಕಾಣುವ ಬೇರಿನ ಎಳೆಗಳನ್ನು ಇಕ್ಕಳದಿಂದ ತೆಗೆದು, ಪಿಂಗಾಣಿ ಒರಳಿನಲ್ಲಿ ನುಣ್ಣಗೆ ಅರೆದು ಅರ್ಧ ಮಿಲಿಮೀಟರ್ ಜರಡಿಯಲ್ಲಿ ಇಳಿಸಿ. ಕೆಲವು ಪ್ರಯೋಗಾಲಯಗಳು 0.2 ಮಿಲಿಮೀಟರ್ ಕೇಳುತ್ತವೆ, ಕೇಳಿ ತಿಳಿದುಕೊಳ್ಳಿ. ಆ 20 ಗ್ರಾಂ ಪೂರ್ತಿ ಇಳಿಯಬೇಕು. ಮೊದಲು ಇಳಿದ ಐದು ಗ್ರಾಂ ತೆಗೆದುಕೊಂಡು ನಿಲ್ಲಿಸಿದರೆ ಅದು ಜೇಡಿ ಹೆಚ್ಚಿರುವ ಪಾಲು, ಇಂಗಾಲವೂ ಅದರಲ್ಲೇ ಹೆಚ್ಚು.

ಕಬ್ಬಿಣದ ಒರಳು ಇಲ್ಲಿ ಇನ್ನೂ ಅಪಾಯಕಾರಿ. ವಾಕ್ಲಿ ಮತ್ತು ಬ್ಲ್ಯಾಕ್ ವಿಧಾನದಲ್ಲಿ ಡೈಕ್ರೋಮೇಟ್ ಎಂಬ ರಾಸಾಯನಿಕ ಎಷ್ಟು ಖರ್ಚಾಯಿತು ಎಂಬುದರಿಂದ ಇಂಗಾಲವನ್ನು ಎಣಿಸುತ್ತಾರೆ. ಸವೆದು ಬಿದ್ದ ಕಬ್ಬಿಣದ ಪುಡಿಯೂ ಡೈಕ್ರೋಮೇಟನ್ನು ತಿನ್ನುತ್ತದೆ, ಇಲ್ಲದ ಇಂಗಾಲ ಇದೆ ಎಂದು ಲೆಕ್ಕವಾಗುತ್ತದೆ.

ಈ ನಯ ಪಾಲನ್ನು ಬೇರೆ ಪೊಟ್ಟಣದಲ್ಲಿಟ್ಟು ಗುರುತು ಹಾಕಿ. ಪೊಟ್ಯಾಷ್, ರಂಜಕ, ಸತುವಿನ ಪರೀಕ್ಷೆಗೆ ಇದನ್ನು ಬಳಸಬಾರದು. ಹೆಚ್ಚು ಅರೆದ ಮಣ್ಣಿನಲ್ಲಿ ಹೊಸ ಮೈ ತೆರೆದುಕೊಂಡಿರುವುದರಿಂದ ದ್ರಾವಣಕ್ಕೆ ಹೆಚ್ಚು ಇಳಿದುಬಿಡುತ್ತದೆ.

ಕಾಪಿಡುವುದು

ದಪ್ಪ ಪಾಲಿಥೀನ್ ಚೀಲ ಅಥವಾ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ಡಬ್ಬಿ ಹೊಸದಾಗಿರಲಿ, ಔಷಧದ್ದೋ ಗೊಬ್ಬರದ್ದೋ ಬೇಡ. ಗೊಬ್ಬರದ ಕೋಣೆಯಲ್ಲಿ ಇಡಬಾರದು. ಅಮೋನಿಯಾ ಗಾಳಿಯಲ್ಲೇ ಬಂದು ಹುಳಿ ಮಣ್ಣಿಗೆ ಸೇರುತ್ತದೆ. ಬಿಸಿಲು ಬೀಳದ, ತಂಪಾದ, ಒಣ ಕಪಾಟು ಸರಿಯಾದ ಜಾಗ. ಒಣಗಿದ ಮಣ್ಣು ಮಳೆಗಾಲದ ಗಾಳಿಯಿಂದ ತೇವ ಹೀರುತ್ತದೆ, ಆದ್ದರಿಂದ ಜರಡಿ ಹಿಡಿದ ಕೂಡಲೇ ಮುಚ್ಚಿ.

ತಿಂಗಳು ಕಳೆದು ಡಬ್ಬಿ ತೆರೆದಾಗ, ಅಥವಾ ಬಸ್ಸಿನಲ್ಲಿ ಅಲುಗಾಡಿ ಬಂದ ಮೇಲೆ, ನಯ ಪುಡಿ ಕೆಳಗೆ ಇಳಿದು ಒರಟು ಕಣ ಮೇಲೆ ಬಂದಿರುತ್ತದೆ. ಮೇಲಿನಿಂದ ಚಮಚದಲ್ಲಿ ತೆಗೆದರೆ ಮರಳಿನ ಪಾಲು ಬರುತ್ತದೆ. ಇಡೀ ಡಬ್ಬಿಯನ್ನು ಹಾಳೆಯ ಮೇಲೆ ಸುರಿದು, ಹಾಳೆಯ ಮೂಲೆಗಳನ್ನು ಒಂದೊಂದಾಗಿ ಎತ್ತಿ ಮಣ್ಣನ್ನು ಉರುಳಿಸಿ ಕಲಸಿ, ಆಮೇಲೆ ತೂಗಬೇಕು.

ನಿಮ್ಮ ತಯಾರಿಯನ್ನೇ ಪರೀಕ್ಷಿಸಿ

ಹತ್ತು ಮಾದರಿ ಕಳುಹಿಸುವಾಗ ಅದರಲ್ಲಿ ಒಂದನ್ನು ಎರಡು ಡಬ್ಬಿಗೆ ಹಂಚಿ, ಬೇರೆ ಬೇರೆ ಸಂಖ್ಯೆ ಕೊಟ್ಟು ಕಳುಹಿಸಿ. ಎರಡರ ಪಿಎಚ್ ಸುಮಾರು 0.1ರೊಳಗೆ ಕೂಡಿಬರಬೇಕು. ಪಿಎಚ್ ಕೂಡಿಬಂದು ಇಂಗಾಲ ಮಾತ್ರ ದೂರ ದೂರ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ನಯವಾಗಿ ಅರೆಯುವ ಹಂತವನ್ನು, ಬೇರಿನ ಚೂರನ್ನು. ಸತು, ತಾಮ್ರ ಮಾತ್ರ ಏರುಪೇರಾದರೆ ತಟ್ಟೆ, ಜರಡಿ, ಬಕೆಟ್ಟನ್ನು ನೋಡಿ. ಎಲ್ಲವೂ ಒಟ್ಟಿಗೆ ದೂರವಾದರೆ ಮಣ್ಣು ಸರಿಯಾಗಿ ಕಲಸಿಲ್ಲ, ಇಲ್ಲವೇ ಚೀಟಿ ಅದಲುಬದಲಾಗಿದೆ. ಹಾಗಾದಾಗ ಮತ್ತೆ ತೆರೆದು ನೋಡಲು, ಪ್ರತಿ ಮಾದರಿಯಿಂದಲೂ ಕಾಲು ಕಿಲೋ 2 ಮಿಲಿಮೀಟರ್ ಮಣ್ಣನ್ನು ವರದಿ ಬಂದ ಮೇಲೂ ಆರು ತಿಂಗಳು ನಿಮ್ಮ ಕಪಾಟಿನಲ್ಲೇ ಇಟ್ಟುಕೊಂಡಿರಿ.